ಅರವತ್ತು ದಿನದ ಬಿಲ್ಲು ಎಂಬತ್ತೆರಡು ದಿನ ಹಿಡಿಯುವುದು ಹೇಗೆ?

ಸಣ್ಣ ಕೈಗಾರಿಕೆಯಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ಇದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಹೇಳುವ ಮಾತು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ ಕಡೆಯಿಂದಲೂ ಇದಕ್ಕೊಂದು ಬಿಗಿ ಹಾಕಿತು. ಆದರೂ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಶೆಡ್ಡುಗಳಲ್ಲೋ ಮಂಡ್ಯದ ತೂಬಿನಕೆರೆಯಲ್ಲೋ ಯಂತ್ರ ಇಟ್ಟುಕೊಂಡವರನ್ನು ಕೇಳಿದರೆ, ದೊಡ್ಡ ಕಂಪನಿಯಿಂದ ಹಣ ಬರುವುದಕ್ಕೆ ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ ಎಂದೇ ಹೇಳುತ್ತಾರೆ. ಕಾನೂನು ಇದೆ, ದೊಡ್ಡ ಕಂಪನಿಯ ಬಳಿ ಹಣವೂ ಇದೆ. ಹಾಗಾದರೆ ದಿನಗಳು ಎಲ್ಲಿ ಕಳೆದುಹೋಗುತ್ತವೆ?

ಸಣ್ಣ ಘಟಕಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಬಿಲ್ಲು ತಡವಾದಾಗ ಮಾಲೀಕರು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮೇಲೆ ಫೋನ್ ಮಾಡುವುದನ್ನು ದಿನವೂ ಕಾಣುತ್ತೇನೆ. ಆದರೆ ತಡದ ಬಹುಪಾಲು ಅಕೌಂಟ್ಸ್ ಮೇಜಿನ ಮೇಲೆ ಹುಟ್ಟುವುದಿಲ್ಲ. ಅದು ವೆಂಡರ್ ಆಗಿ ಹೆಸರು ದಾಖಲಾದ ದಿನ, ಖರೀದಿ ಆದೇಶ ಕೈಗೆ ಬಂದ ದಿನ, ಸರಕು ಗೇಟು ದಾಟಿದ ದಿನ ಹುಟ್ಟಿರುತ್ತದೆ. ಅಕೌಂಟ್ಸ್‌ನವರು ನೋಡುವುದು ಆ ಮೂರು ದಿನಗಳ ಫಲವನ್ನು ಮಾತ್ರ.

ವೆಂಡರ್ ಕೋಡ್ ಎಂಬ ಮೊದಲ ಬಾಗಿಲು

ದೊಡ್ಡ ಕಂಪನಿಯೊಂದು ಯಾರಿಂದಲಾದರೂ ಏನನ್ನಾದರೂ ಕೊಳ್ಳಬೇಕಾದರೆ ಅವರ ಹೆಸರು ಮೊದಲು ಅದರ ಸಾಫ್ಟ್‌ವೇರ್‌ನ ವೆಂಡರ್ ಮಾಸ್ಟರ್‌ನಲ್ಲಿ ಇರಬೇಕು. ಅಲ್ಲಿ ಸಿಗುವ ಸಂಖ್ಯೆಯೇ ವೆಂಡರ್ ಕೋಡ್. ಅದಿಲ್ಲದೆ ಖರೀದಿ ಆದೇಶ ಹುಟ್ಟುವುದಿಲ್ಲ, ಆದೇಶವಿಲ್ಲದೆ ಗೇಟಿನಲ್ಲಿ ಸರಕು ಒಳಗೆ ಬಿಡುವುದಿಲ್ಲ, ಒಳಗೆ ಬಾರದ ಸರಕಿಗೆ ಬಿಲ್ಲಿಲ್ಲ.

ಈ ದಾಖಲಾತಿಯನ್ನು ನಾವೇ ಅರ್ಜಿ ಹಾಕಿ ಶುರು ಮಾಡುವಂತಿಲ್ಲ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಕಂಪನಿಯ ಜಾಲತಾಣದಲ್ಲಿ ಫಾರಂ ಇರಬಹುದು. ಅದನ್ನು ತುಂಬಿ ಕಾಯುತ್ತ ಕೂತವರಿಗೆ ಉತ್ತರ ಬರುವುದು ಅಪರೂಪ. ಒಳಗಿನ ಯಾವುದಾದರೂ ವಿಭಾಗಕ್ಕೆ ನಮ್ಮ ಸರಕು ಬೇಕಾಗಿರಬೇಕು, ಅವರು ಪರ್ಚೇಸ್ ವಿಭಾಗಕ್ಕೆ ಹೇಳಬೇಕು, ಪರ್ಚೇಸ್‌ನವರು ಹೊಸ ವೆಂಡರ್ ಬೇಕೆಂದು ಕೋರಿಕೆ ಎತ್ತಬೇಕು. ಅಲ್ಲಿಂದ ಕಡತ ಹೊರಡುತ್ತದೆ. ಯಂತ್ರದ ಬಿಡಿಭಾಗ ಮಾಡುವವರಾದರೆ ಕ್ವಾಲಿಟಿ ವಿಭಾಗದವರು ಶೆಡ್ಡಿಗೆ ಬಂದು ಅಳತೆಯ ಉಪಕರಣಗಳ ಕ್ಯಾಲಿಬ್ರೇಷನ್ ಪ್ರಮಾಣಪತ್ರ, ಕಚ್ಚಾ ಮಾಲಿನ ಪರೀಕ್ಷಾ ವರದಿ, ತಿರಸ್ಕೃತ ಮಾಲನ್ನು ಬೇರೆ ಇಡುವ ಜಾಗ ಇವನ್ನೆಲ್ಲ ನೋಡುತ್ತಾರೆ. ಮಾದರಿ ತುಂಡು ಕೇಳುತ್ತಾರೆ. ಆಮೇಲೆ ಹಣಕಾಸು ವಿಭಾಗ, ತೆರಿಗೆ ವಿಭಾಗ. ಕೊನೆಗೆ ಹೆಸರು ಸೇರಿಸುವ ತಂಡ ಬೆಂಗಳೂರಿನಲ್ಲೋ ಬೇರೆ ರಾಜ್ಯದಲ್ಲೋ ಕೂತಿರುತ್ತದೆ. ಆ ತಂಡಕ್ಕೆ ನಾವು ಯಾರೆಂದು ಗೊತ್ತಿಲ್ಲ. ಪರದೆಯ ಮೇಲೆ ಕಾಣುವ ಕಾಗದ ಮಾತ್ರ ಗೊತ್ತು.

ಕಡತ ವಾಪಸು ಬರುವುದು ಹೆಚ್ಚಾಗಿ ಹೆಸರಿನ ಕಾರಣಕ್ಕೆ. ಒಬ್ಬರೇ ಮಾಲೀಕರಿರುವ ಘಟಕದಲ್ಲಿ ಪ್ಯಾನ್ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಎರಡೂ ಇರುತ್ತವೆ. ಒಂದು ಕಡೆ ‘ಇಂಜಿನಿಯರಿಂಗ್ ವರ್ಕ್ಸ್’, ಇನ್ನೊಂದು ಕಡೆ ‘ಇಂಜಿನಿಯರ್ಸ್’ ಎಂದಿದ್ದರೂ ಸಾಕು, ಖಾತೆಗೆ ಪ್ರಯೋಗಾರ್ಥ ಒಂದು ರೂಪಾಯಿ ಕಳಿಸಿ ಹೆಸರು ತಾಳೆ ನೋಡುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಕ್ಯಾನ್ಸಲ್ ಮಾಡಿದ ಚೆಕ್ಕಿನ ಮೇಲೆ ಹೆಸರು ಅಚ್ಚಾಗಿರದಿದ್ದರೆ ಬ್ಯಾಂಕಿನ ಪತ್ರ ಬೇಕು. ಮನೆಯ ಹಿಂದಿನ ಜಾಗದಲ್ಲಿ ಶುರುಮಾಡಿ ಆಮೇಲೆ ಹೆಬ್ಬಾಳಕ್ಕೆ ಶೆಡ್ಡು ಬದಲಿಸಿದವರು ಜಿಎಸ್‌ಟಿಯಲ್ಲಿ ವಿಳಾಸ ಸೇರಿಸುವುದನ್ನು ಮರೆತಿರುತ್ತಾರೆ. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು. ಆದರೆ ಪ್ರತಿ ಬಾರಿ ವಾಪಸು ಬಂದ ಕಡತ ಸರತಿಯ ಕೊನೆಗೆ ಹೋಗಿ ನಿಲ್ಲುತ್ತದೆ.

ಇವುಗಳಿಗಿಂತ ಮುಖ್ಯವಾದ ಒಂದು ಕಾಗದವಿದೆ. ಅದು ಉದ್ಯಮ್ ಪ್ರಮಾಣಪತ್ರ, ನಮ್ಮ ಘಟಕ ಅತಿಸಣ್ಣವೋ ಸಣ್ಣವೋ ಮಧ್ಯಮವೋ ಎಂದು ಹೇಳುವ ಕೇಂದ್ರ ಸರ್ಕಾರದ ದಾಖಲೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಉಚಿತ, ಆನ್‌ಲೈನ್‌ನಲ್ಲೇ ಮುಗಿಯುತ್ತದೆ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಹೂಡಿಕೆ ಎರಡೂವರೆ ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ಮೀರದಿದ್ದರೆ ಅತಿಸಣ್ಣ, ಹೂಡಿಕೆ 25 ಕೋಟಿ ಮತ್ತು ವಹಿವಾಟು 100 ಕೋಟಿ ಮೀರದಿದ್ದರೆ ಸಣ್ಣ. 45 ದಿನದ ರಕ್ಷಣೆ ಈ ಎರಡು ವರ್ಗಗಳಿಗೆ ಮಾತ್ರ. ಮಧ್ಯಮ ವರ್ಗಕ್ಕೆ ಇಲ್ಲ. ಪ್ರಮಾಣಪತ್ರದಲ್ಲಿ ‘ಮುಖ್ಯ ಚಟುವಟಿಕೆ’ ಎಂಬ ಸಾಲೊಂದಿದೆ. ಅಲ್ಲಿ ಉತ್ಪಾದನೆ ಅಥವಾ ಸೇವೆ ಎಂದಿರಬೇಕು. ವ್ಯಾಪಾರ ಎಂದಿದ್ದರೆ ಉದ್ಯಮ್ ನೋಂದಣಿಯ ಪ್ರಯೋಜನ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳನ್ನು ಒಳಗೆ ಸೇರಿಸಿದಾಗಲೇ ಈ ಮಿತಿ ಹಾಕಲಾಗಿದೆ. ಬೇರಿಂಗ್ ಮಾರುವವರು, ಸುರಕ್ಷತಾ ಶೂ ತರಿಸಿಕೊಡುವವರು ಈ ಲೇಖನದ ಉಳಿದ ಭಾಗದ ಕಾನೂನು ತಮಗೂ ಅನ್ವಯಿಸುತ್ತದೆ ಎಂದು ನಂಬಿ ಕೂರಬಾರದು.

ಇನ್ನು, ನೋಂದಣಿ ಮಾಡಿಸುವುದಕ್ಕೂ ಸಮಯವಿದೆ. ಸರಕು ಕೊಟ್ಟು, ಬಿಲ್ಲು ತಡವಾದ ಮೇಲೆ ಉದ್ಯಮ್ ಮಾಡಿಸಿ, ಹಿಂದಿನ ಬಿಲ್ಲಿಗೂ ಅದರ ಲಾಭ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರ ತೀರ್ಪೊಂದರಲ್ಲಿ ಹೇಳಿದೆ. ಮೊದಲ ಆದೇಶಕ್ಕೆ ಮುಂಚೆಯೇ ಪ್ರಮಾಣಪತ್ರ ಕೈಯಲ್ಲಿರಬೇಕು. ಅಷ್ಟೇ ಮುಖ್ಯವಾಗಿ, ಅದು ಕಂಪನಿಯ ವೆಂಡರ್ ಮಾಸ್ಟರ್‌ನಲ್ಲಿ ಗುರುತಾಗಿರಬೇಕು. ಕಾಗದ ಕೊಟ್ಟಿರುತ್ತೇವೆ, ಕಡತದಲ್ಲಿ ಲಗತ್ತಾಗಿರುತ್ತದೆ, ಆದರೆ ‘ಅತಿಸಣ್ಣ ಉತ್ಪಾದಕ’ ಎಂಬ ಖಾನೆಯನ್ನು ಯಾರೂ ತುಂಬಿರುವುದಿಲ್ಲ. ಆಗ ಸಾಫ್ಟ್‌ವೇರ್ ನಮ್ಮನ್ನು ಸಾಮಾನ್ಯ ವೆಂಡರ್ ಎಂದು ಎಣಿಸಿ ಅರವತ್ತೋ ತೊಂಬತ್ತೋ ದಿನದ ಸಾಲಿಗೆ ತಾನಾಗಿಯೇ ಸೇರಿಸುತ್ತದೆ. ಕೋಡ್ ಸಿಕ್ಕ ದಿನವೇ ‘ನಮ್ಮ ಉದ್ಯಮ್ ವರ್ಗ ಮತ್ತು ಪಾವತಿ ಅವಧಿ ಏನೆಂದು ದಾಖಲಾಗಿದೆ?’ ಎಂದು ಪರ್ಚೇಸ್‌ನವರಿಗೆ ಇ-ಮೇಲ್ ಕಳಿಸಿ ಉತ್ತರ ಪಡೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಆದೇಶದಲ್ಲಿ ಓದಬೇಕಾದ ಒಂದು ಸಾಲು

ಖರೀದಿ ಆದೇಶ, ಅಂದರೆ ಎಲ್ಲರ ಬಾಯಲ್ಲಿರುವ ಪಿಒ, ಕೈಗೆ ಬಂದಾಗ ನಮ್ಮವರು ನೋಡುವುದು ಎರಡನ್ನು: ದರ ಮತ್ತು ಪ್ರಮಾಣ. ಅದು ಸಹಜ. ಆದರೆ ಆ ಕಾಗದ ಹೊರಬರುವ ಮುಂಚೆ ಒಳಗೆ ಹಲವರ ಮೇಜು ದಾಟಿರುತ್ತದೆ. ಬೇಕಾದ ವಿಭಾಗ ಬೇಡಿಕೆ ಎತ್ತುತ್ತದೆ, ಖರೀದಿ ಅಧಿಕಾರಿ ದರ ತಾಳೆ ಹಾಕುತ್ತಾರೆ, ಮೊತ್ತಕ್ಕೆ ತಕ್ಕಂತೆ ವ್ಯವಸ್ಥಾಪಕರು, ಹಣಕಾಸಿನವರು, ಕಾರ್ಖಾನೆಯ ಮುಖ್ಯಸ್ಥರು ಒಬ್ಬರಾದ ಮೇಲೊಬ್ಬರು ಬಿಡುಗಡೆ ಮಾಡುತ್ತಾರೆ. ಒಬ್ಬರು ರಜೆಯಲ್ಲಿದ್ದರೂ ಅದು ಅಲ್ಲೇ ನಿಲ್ಲುತ್ತದೆ. ಒಮ್ಮೆ ಬಿಡುಗಡೆಯಾದ ಮೇಲೆ ಒಂದು ಅಕ್ಷರ ಬದಲಾಗಬೇಕಾದರೂ ತಿದ್ದುಪಡಿ ಮತ್ತೆ ಅದೇ ಮೆಟ್ಟಿಲು ಹತ್ತಬೇಕು.

‘ಕೆಲಸ ಶುರು ಮಾಡಿ, ಪಿಒ ಹಿಂದೆಯೇ ಬರುತ್ತದೆ’ ಎಂಬ ಮಾತು ಅಪಾಯಕಾರಿಯಾಗುವುದು ಈ ಕಾರಣಕ್ಕೆ. ಹೇಳುವವರಲ್ಲಿ ಮೋಸದ ಉದ್ದೇಶ ಇರಬೇಕೆಂದಿಲ್ಲ. ಅಲ್ಲಿನ ಲೈನು ನಿಲ್ಲುತ್ತಿದೆ, ತುಂಡು ಬೇಕಾಗಿದೆ. ಆದರೆ ಅವರ ಮಾತು ಮೇಲಿನ ಮೂವರ ಬಿಡುಗಡೆಗೆ ಸಮವಲ್ಲ. ಸರಕು ಕೊಟ್ಟ ದಿನಾಂಕಕ್ಕಿಂತ ಪಿಒ ದಿನಾಂಕ ಮುಂಚಿನದಾಗಿರಬೇಕು. ಅದು ತಿರುಗುಮುರುಗಾದರೆ ಲೆಕ್ಕ ತಪಾಸಣೆಯಲ್ಲಿ ಪ್ರಶ್ನೆ ಏಳುತ್ತದೆ, ವಿವರಣೆ ಬರೆದು ವಿಶೇಷ ಮಂಜೂರಾತಿ ಪಡೆಯುವವರೆಗೆ ಬಿಲ್ಲು ಕದಲುವುದಿಲ್ಲ.

ದರ, ಪ್ರಮಾಣದ ನಂತರ ಓದಬೇಕಾದದ್ದು ಪಾವತಿ ಷರತ್ತಿನ ಸಾಲು. ‘60 ದಿನ’ ಎಂದಷ್ಟೇ ನೋಡಿದರೆ ಸಾಲದು. ಯಾವಾಗಿನಿಂದ 60 ದಿನ? ಬಿಲ್ಲಿನ ದಿನಾಂಕದಿಂದಲೇ, ಸರಕು ಸ್ವೀಕೃತಿಯ ಚೀಟಿಯಿಂದಲೇ, ಅಥವಾ ಅಕೌಂಟ್ಸ್‌ನವರು ಬಿಲ್ಲನ್ನು ಸಾಫ್ಟ್‌ವೇರ್‌ನಲ್ಲಿ ಏರಿಸಿದ ದಿನದಿಂದಲೇ? ಎಣಿಕೆ ಶುರುವಾಗುವ ಈ ದಿನಾಂಕಕ್ಕೆ ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ ಪ್ರತ್ಯೇಕ ಖಾನೆಯೇ ಇದೆ. ಅದನ್ನು ಬೇಸ್‌ಲೈನ್ ದಿನಾಂಕ ಎನ್ನುತ್ತಾರೆ. ದಿನಗಳ ಸಂಖ್ಯೆ ಕಡಿಮೆ ಮಾಡಿ ಎಂದು ಕೇಳಿದರೆ ಪರ್ಚೇಸ್‌ನವರು ‘ಕಂಪನಿ ನೀತಿ, ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ. ಬೇಸ್‌ಲೈನ್ ಬದಲಿಸಿ ಎಂದು ಕೇಳುವವರು ಕಡಿಮೆ. ಕೇಳಿದಾಗ ಎಷ್ಟೋ ಕಡೆ ಒಪ್ಪಿರುವುದನ್ನು ನೋಡಿದ್ದೇನೆ.

ಒಂದು ಬಿಲ್ಲಿನ ದಿನಚರಿ

ಮಾತಿಗಿಂತ ಲೆಕ್ಕ ಚೆನ್ನಾಗಿ ಹೇಳುತ್ತದೆ. ವಿವರಣೆಗಾಗಿ ಒಂದು ಬಿಲ್ಲನ್ನು ಇಲ್ಲಿ ಕಟ್ಟಿಕೊಡುತ್ತೇನೆ. ಅಂಕಿಗಳು ನಾನು ಇಟ್ಟುಕೊಂಡವು, ದಾರಿ ಮಾತ್ರ ಎಲ್ಲ ಬಿಲ್ಲುಗಳೂ ನಡೆಯುವ ದಾರಿಯೇ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್ಡು. ಸಿಎನ್‌ಸಿ ಲೇತ್‌ಗಳ ಮೇಲೆ ಉಕ್ಕಿನ ಬುಷ್ ಮಾಡುವ ಅತಿಸಣ್ಣ ಘಟಕ. ಜೂನ್ 1ರಂದು 1,000 ಬುಷ್‌ಗಳಿಗೆ ಪಿಒ ಬರುತ್ತದೆ. ಒಂದಕ್ಕೆ 400 ರೂಪಾಯಿಯಂತೆ 4 ಲಕ್ಷ, ಶೇ 18ರ ಜಿಎಸ್‌ಟಿ 72,000, ಒಟ್ಟು 4,72,000 ರೂಪಾಯಿ. ಷರತ್ತು: ಬಿಲ್ಲು ಏರಿಸಿದ ದಿನದಿಂದ 60 ದಿನ.

ಜೂನ್ 3ರಂದು ಉಕ್ಕಿನ ಸರಳು ಕೊಳ್ಳಬೇಕು. 1,80,000 ರೂಪಾಯಿ, ಅದರ ಮೇಲೆ 32,400 ಜಿಎಸ್‌ಟಿ. ಸಣ್ಣ ಗಿರಾಕಿಗೆ ಉಕ್ಕಿನ ಅಂಗಡಿಯಲ್ಲಿ ಸಾಲ ಇಲ್ಲ, ಹಣ ಕೊಟ್ಟು ಮಾಲು ಎತ್ತಬೇಕು. ಕೂಲಿ, ವಿದ್ಯುತ್, ಟೂಲು, ಹೊರಗೆ ಮಾಡಿಸುವ ಲೇಪನ ಎಲ್ಲ ಸೇರಿ ಇನ್ನೂ 1,40,000.

ಜೂನ್ 20. ಸರಕು ಟೆಂಪೊದಲ್ಲಿ ಕಂಪನಿಯ ಗೇಟಿಗೆ ಹೋಗುತ್ತದೆ. ಗೇಟಿನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೆಕ್ಯುರಿಟಿಯವರು ಬಿಲ್ಲು ತೆಗೆದುಕೊಂಡು ಪಿಒ ಸಂಖ್ಯೆ ನೋಡುತ್ತಾರೆ, ಒಳಬರುವ ವಸ್ತುಗಳ ಪುಸ್ತಕದಲ್ಲೋ ಗಣಕದಲ್ಲೋ ಬರೆದುಕೊಳ್ಳುತ್ತಾರೆ, ಬಿಲ್ಲಿನ ಪ್ರತಿಗಳ ಮೇಲೆ ಸೀಲು ಒತ್ತಿ ಸಂಖ್ಯೆ, ದಿನಾಂಕ, ಸಮಯ ಹಾಕುತ್ತಾರೆ. ಸೀಲು ಬಿದ್ದ ಒಂದು ಪ್ರತಿ ಚಾಲಕನ ಕೈಗೆ ಬರುತ್ತದೆ. ಬಹಳ ಸಲ ಅದು ಟೆಂಪೊದ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಣ್ಣಗೆಟ್ಟು ಕಳೆದೇ ಹೋಗುತ್ತದೆ. ಆ ಪ್ರತಿ ಇಡೀ ವ್ಯವಹಾರದ ಅತ್ಯಂತ ಬೆಲೆಬಾಳುವ ಕಾಗದ. ಏಕೆಂದು ಮುಂದೆ ಹೇಳುತ್ತೇನೆ.

ಸ್ಟೋರ್ಸ್‌ನಲ್ಲಿ ಇಳಿದ ಸರಕು ಪರೀಕ್ಷೆಯ ಸರತಿಯಲ್ಲಿ ಕೂರುತ್ತದೆ. ಜೂನ್ 27ರಂದು ಕ್ವಾಲಿಟಿಯವರು ನೋಡಿ 994 ತುಂಡು ಒಪ್ಪಿ, ಒಳವ್ಯಾಸ ಮೀರಿದ ಆರನ್ನು ತಿರಸ್ಕರಿಸುತ್ತಾರೆ. ಅಂದು ಸರಕು ಸ್ವೀಕೃತಿಯ ಚೀಟಿ, ಅಂದರೆ ಜಿಆರ್‌ಎನ್, ತಯಾರಾಗುತ್ತದೆ. ಏಳು ದಿನ ಹೋಯಿತು.

ಈಗ ಬಿಲ್ಲು ಅಕೌಂಟ್ಸ್‌ಗೆ ಬಂದಿದೆ. ಅಲ್ಲಿ ಮೂರು ಕಾಗದಗಳನ್ನು ತಾಳೆ ಹಾಕುತ್ತಾರೆ: ಪಿಒ, ಜಿಆರ್‌ಎನ್, ಬಿಲ್ಲು. ಪಿಒದಲ್ಲಿ 1,000, ಬಿಲ್ಲಿನಲ್ಲಿ 1,000, ಜಿಆರ್‌ಎನ್‌ನಲ್ಲಿ 994. ಆರು ತುಂಡಿನ ಬೆಲೆ ತೆರಿಗೆ ಸೇರಿ 2,832 ರೂಪಾಯಿ. ಆ 2,832 ರೂಪಾಯಿಗಾಗಿ 4,72,000 ರೂಪಾಯಿಯ ಇಡೀ ಬಿಲ್ಲು ತಡೆಯಲ್ಲಿ ನಿಲ್ಲುತ್ತದೆ. ಘಟಕದ ಮಾಲೀಕರು ಫೋನ್ ಮಾಡಿದರೆ ಬರುವ ಉತ್ತರ: ‘ಸರ್, ನಿಮ್ಮ ಬಿಲ್ಲು ಬ್ಲಾಕ್ ಆಗಿದೆ, ಸ್ಟೋರ್ಸ್‌ನವರನ್ನು ಕೇಳಿ.’ ಸ್ಟೋರ್ಸ್‌ನವರು ಕ್ವಾಲಿಟಿಯ ಕಡೆ ತೋರಿಸುತ್ತಾರೆ. ತಿರಸ್ಕಾರದ ಚೀಟಿ ಕೈಗೆ ಸಿಕ್ಕಿ, ಆರು ತುಂಡಿನ ಬೆಲೆಯನ್ನು ಬಿಲ್ಲಿನಿಂದ ಕಳೆಯುವ ಕ್ರೆಡಿಟ್ ನೋಟ್ ಬರೆದು ಕೊಟ್ಟದ್ದು ಜುಲೈ 3ಕ್ಕೆ. ಬಿಲ್ಲು ಏರಿದ್ದು ಜುಲೈ 4ಕ್ಕೆ. ಇನ್ನೂ ಏಳು ದಿನ ಹೋಯಿತು.

ಜುಲೈ 4ರಿಂದ 60 ದಿನ ಎಣಿಸಿದರೆ ಸೆಪ್ಟೆಂಬರ್ 2. ಆದರೆ ಅಂದು ಹಣ ಬರುವುದಿಲ್ಲ. ದೊಡ್ಡ ಕಂಪನಿಗಳು ಪ್ರತಿದಿನ ಪಾವತಿ ಮಾಡುವುದಿಲ್ಲ, ತಿಂಗಳಿಗೆ ಇಂತಿಷ್ಟು ದಿನವೆಂದು ಒಟ್ಟಿಗೆ ಮಾಡುತ್ತವೆ. ಈ ಕಂಪನಿಯಲ್ಲಿ 10 ಮತ್ತು 25 ಎಂದಿಟ್ಟುಕೊಳ್ಳಿ. ಹಣ ಖಾತೆಗೆ ಬಿದ್ದದ್ದು ಸೆಪ್ಟೆಂಬರ್ 10ಕ್ಕೆ, ಇನ್ನೂ ಎಂಟು ದಿನ ಕಳೆದು.

ಸರಕು ಕೊಟ್ಟ ದಿನದಿಂದ ಎಣಿಸಿದರೆ 82 ದಿನ. ಉಕ್ಕು ಕೊಂಡ ದಿನದಿಂದ 99 ದಿನ. ಒಪ್ಪಿಕೊಂಡ 60 ದಿನದ ಹೊರಗೆ ಕಳೆದುಹೋದ 22 ದಿನಗಳಲ್ಲಿ ಒಂದು ದಿನವೂ ಯಾರೂ ಹಟ ಹಿಡಿದು ಹಣ ತಡೆದದ್ದಲ್ಲ. ಪರೀಕ್ಷೆಯ ಸರತಿ, ಆರು ತುಂಡಿನ ವ್ಯತ್ಯಾಸ, ಪಾವತಿಯ ದಿನಾಂಕ. ಹಾಗಾಗಿಯೇ ಯಾರ ಮೇಲೆ ಸಿಟ್ಟಾದರೂ ಅದು ತಪ್ಪು ವಿಳಾಸಕ್ಕೆ ಹೋಗುತ್ತದೆ.

ಈ ನಡುವೆ ಜುಲೈ 20 ಬಂದು ಹೋಗಿದೆ. ಜೂನ್ ತಿಂಗಳ ಜಿಎಸ್‌ಟಿ ಕಟ್ಟುವ ದಿನ. ಬಿಲ್ಲು ಬರೆದ ತಿಂಗಳ ತೆರಿಗೆ ಸರ್ಕಾರಕ್ಕೆ ಸಲ್ಲಬೇಕು, ಗಿರಾಕಿ ಹಣ ಕೊಟ್ಟನೋ ಇಲ್ಲವೋ ಎಂಬ ಪ್ರಶ್ನೆ ಇಲ್ಲ. 72,000ದಲ್ಲಿ ಉಕ್ಕಿನ ಮೇಲೆ ಕೊಟ್ಟ 32,400 ಕಳೆದು 39,600 ರೂಪಾಯಿ ಕೈಯಿಂದ ಹೋಗಬೇಕು. ಇನ್ನೂ ಬಾರದ ಹಣದ ಮೇಲಿನ ತೆರಿಗೆ ಇದು. ಒಟ್ಟಿಗೆ ಕೂಡಿದರೆ ಉಕ್ಕು, ಅದರ ತೆರಿಗೆ, ಕೂಲಿ ಖರ್ಚು, ಈ ಜಿಎಸ್‌ಟಿ ಸೇರಿ 3,92,000 ರೂಪಾಯಿ ಆ ಒಂದು ಆದೇಶದಲ್ಲಿ ಸಿಕ್ಕಿಕೊಂಡಿದೆ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ವರ್ಷಕ್ಕೆ ಶೇ 12 ಬಡ್ಡಿ ಎಂದರೆ ತಿಂಗಳಿಗೆ ಸುಮಾರು 3,900 ರೂಪಾಯಿ. ಎಲ್ಲ ಖರ್ಚೂ ಮೊದಲ ದಿನವೇ ಆಗುವುದಿಲ್ಲವಾದ್ದರಿಂದ ಒಟ್ಟು ಬಡ್ಡಿ ಹತ್ತು ಸಾವಿರದ ಆಸುಪಾಸು. ಈ ಆದೇಶದಲ್ಲಿ ಸಿಗಬಹುದಾದ 80,000 ಉಳಿಕೆಯ ಎಂಟನೇ ಒಂದು ಭಾಗ ಬಡ್ಡಿಗೇ ಸಂದಂತಾಯಿತು.

ನನ್ನ ದೃಷ್ಟಿಯಲ್ಲಿ ಬಡ್ಡಿಗಿಂತ ಕಷ್ಟದ್ದು ಇನ್ನೊಂದಿದೆ. ತಿಂಗಳಿಗೊಂದು ಇಂಥ ಆದೇಶ ಬಂದರೆ ಮೊದಲನೆಯದರ ಹಣ ಬರುವ ಹೊತ್ತಿಗೆ ಮೂರು ಆದೇಶಗಳ ಹಣ ಹೊರಗಿರುತ್ತದೆ, ಹತ್ತಿರ ಹತ್ತಿರ 12 ಲಕ್ಷ. ಬ್ಯಾಂಕ್ ಸಾಲದ ಮಿತಿ 10 ಲಕ್ಷವಿದ್ದರೆ ಮೂರನೆಯ ಆದೇಶವನ್ನು ಮುಗಿಸಲು ಹಣ ಸಾಲುವುದಿಲ್ಲ. ಗಿರಾಕಿ ಇದ್ದಾನೆ, ಲಾಭವೂ ಇದೆ, ಘಟಕ ಮಾತ್ರ ಉಸಿರುಗಟ್ಟುತ್ತದೆ. ದೊಡ್ಡ ಕಂಪನಿಯ ಆದೇಶ ಸಿಕ್ಕಿತೆಂದು ಸಂತೋಷಪಟ್ಟವರು ಒಂದು ವರ್ಷದೊಳಗೆ ಕೈಸಾಲಕ್ಕೆ ಇಳಿಯುವುದು ಹೀಗೆ.

ಕಾನೂನಿನ ಗಡಿಯಾರ ಗೇಟಿನಿಂದ ಶುರು

ಅದೇ ಬಿಲ್ಲನ್ನು ಈಗ ಕಾನೂನಿನ ಕಣ್ಣಿನಿಂದ ನೋಡೋಣ. 2006ರ ಕಾಯ್ದೆಯ ಪ್ರಕಾರ ಸ್ವೀಕಾರದ ದಿನ ಎಂದರೆ ಸರಕು ನಿಜವಾಗಿ ತಲುಪಿದ ದಿನ. ಜಿಆರ್‌ಎನ್ ದಿನವೂ ಅಲ್ಲ, ಬಿಲ್ಲು ಏರಿಸಿದ ದಿನವೂ ಅಲ್ಲ. ತಲುಪಿದ 15 ದಿನಗಳೊಳಗೆ ಕೊಂಡವರು ಬರಹದಲ್ಲಿ ಆಕ್ಷೇಪ ಎತ್ತಿದರೆ ಮಾತ್ರ, ಆ ಆಕ್ಷೇಪ ಪರಿಹಾರವಾದ ದಿನದಿಂದ ಎಣಿಕೆ. ಹದಿನೈದು ದಿನ ಸುಮ್ಮನಿದ್ದು ಆಮೇಲೆ ತಿರಸ್ಕಾರದ ಚೀಟಿ ಕೊಟ್ಟರೆ ಎಣಿಕೆ ಮುಂದೆ ಹೋಗುವುದಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಗಡುವು 15 ದಿನ, ಒಪ್ಪಂದವಿದ್ದರೆ ಅದರಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಪಿಒದಲ್ಲಿ ಅಚ್ಚಾದ 60 ದಿನ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರ ಮಟ್ಟಿಗೆ ಈ ಮಿತಿಯನ್ನು ದಾಟಲಾರದು.

ಗೇಟಿನ ಸೀಲು ಬಿದ್ದ ಪ್ರತಿ ಏಕೆ ಬೆಲೆಬಾಳುತ್ತದೆ ಎಂಬುದು ಈಗ ತಿಳಿಯುತ್ತದೆ. ಜೂನ್ 20ರಂದು ಸರಕು ತಲುಪಿತು ಎಂಬುದಕ್ಕೆ ನಮ್ಮ ಕೈಯಲ್ಲಿರುವ ಪುರಾವೆ ಅದೊಂದೇ. ಅಲ್ಲಿಂದ 45 ದಿನ ಎಂದರೆ ಆಗಸ್ಟ್ 4. ಆರು ತುಂಡಿನ ಆಕ್ಷೇಪ 15 ದಿನದೊಳಗೆ ಬಂದಿದೆ, ಆದ್ದರಿಂದ ಕಂಪನಿ ಇಡೀ ಬಿಲ್ಲಿಗೂ ಅದನ್ನೇ ಹಿಡಿದು ವಾದಿಸಬಹುದು. ವಾದಕ್ಕೆ ಒಪ್ಪಿಕೊಂಡರೂ ಕ್ರೆಡಿಟ್ ನೋಟ್ ಕೊಟ್ಟ ಜುಲೈ 3ರಿಂದ 45 ದಿನ ಎಂದರೆ ಆಗಸ್ಟ್ 17. ಸೆಪ್ಟೆಂಬರ್ 10 ಯಾವ ಲೆಕ್ಕದಲ್ಲೂ ತಡವೇ.

ತಡಕ್ಕೆ ಬಡ್ಡಿಯೂ ಇದೆ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಎಂದಿಟ್ಟುಕೊಂಡರೆ ಶೇ 16.5. ಆರು ತುಂಡು ಕಳೆದು ಉಳಿದ 4,69,168 ರೂಪಾಯಿಗೆ ಆಗಸ್ಟ್ 4ರಿಂದ ಸೆಪ್ಟೆಂಬರ್ 10ರವರೆಗಿನ 37 ದಿನಗಳಿಗೆ ಸುಮಾರು 7,800 ರೂಪಾಯಿ. ಅದನ್ನು ಕೇಳುವವರು ಎಷ್ಟು ಜನ? ನಾನು ಲೆಕ್ಕ ಬರೆಯುವ ಘಟಕಗಳಲ್ಲಿ ವ್ಯವಹಾರ ಮುಂದುವರಿಯುತ್ತಿರುವಾಗ ಕೇಳಿದವರನ್ನು ಕಂಡಿಲ್ಲ. ಮುಂದಿನ ಆದೇಶ ತಪ್ಪೀತೆಂಬ ಭಯ ನಿಜವಾದದ್ದು. ಅದನ್ನು ಹೇಡಿತನ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬ ಗಿರಾಕಿಯ ಮೇಲೆ ಮುಕ್ಕಾಲು ವಹಿವಾಟು ನಿಂತಿರುವವರು ಬೇರೆ ಏನು ಮಾಡಲು ಸಾಧ್ಯ?

ಕೇಳಲೇಬೇಕೆಂದವರಿಗೆ ದಾರಿ ಇದೆ. ಸಮಾಧಾನ್ ಎಂಬ ಕೇಂದ್ರದ ಪೋರ್ಟಲ್ 2017ರಲ್ಲಿ ಆರಂಭವಾಯಿತು. ಅಲ್ಲಿ ಹಾಕಿದ ದೂರು ಸೌಲಭ್ಯ ಮಂಡಳಿಗೆ ಹೋಗುತ್ತದೆ. ಕಂಪನಿಯ ಪ್ರಧಾನ ಕಚೇರಿ ಮುಂಬೈಯಲ್ಲಿರಲಿ ದೆಹಲಿಯಲ್ಲಿರಲಿ, ಸರಕು ಕೊಟ್ಟವರು ಇರುವ ರಾಜ್ಯದ ಮಂಡಳಿಯೇ ವಿಚಾರಿಸಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಲು ಹೋಗುವ ಕಂಪನಿ ಮೊದಲು ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕು. ಕಾಯ್ದೆ 90 ದಿನದಲ್ಲಿ ತೀರ್ಮಾನಿಸಿ ಎನ್ನುತ್ತದೆ, ಹಾಗಾಗುವುದು ಕಷ್ಟ. ಸಂಬಂಧ ಮುರಿದ ಮೇಲೆ, ದೊಡ್ಡ ಮೊತ್ತ ಬಾಕಿಯಿದ್ದಾಗ ಇದು ಕೈಹಿಡಿಯುವ ದಾರಿ. ಪ್ರತಿ ತಿಂಗಳು ಸರಕು ಕೊಡುತ್ತಿರುವ ಕಂಪನಿಯ ಮೇಲೆ ಬಳಸುವಂಥದ್ದಲ್ಲ.

ಮಾರ್ಚ್ 31ರ ಬಲ, ಮತ್ತು ಅದರ ಮಿತಿ

ಈಚಿನ ವರ್ಷಗಳಲ್ಲಿ ಕಂಪನಿಗಳೇ ಫೋನ್ ಮಾಡಿ ಉದ್ಯಮ್ ಸಂಖ್ಯೆ ಕೇಳುತ್ತಿರುವುದಕ್ಕೆ ಕಾರಣ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಎಂದು ಹೆಸರಾದ ನಿಯಮ. 2023-24ರ ಲೆಕ್ಕದಿಂದ ಅನ್ವಯವಾದ ಇದು ಹೇಳುವುದಿಷ್ಟು: ಅತಿಸಣ್ಣ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು 45 ದಿನದ ಗಡುವಿನೊಳಗೆ ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಲೆಕ್ಕದಲ್ಲಿ ಕಳೆಯಬಹುದು. ಅಂದರೆ ನಮ್ಮ 4 ಲಕ್ಷದ ಬುಷ್‌ಗಳ ಹಣ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಕಂಪನಿ ಆ ವರ್ಷ ಆ ಮೊತ್ತದ ಮೇಲೆ ತೆರಿಗೆ ಕಟ್ಟಬೇಕು. ಶೇ 25ರ ದರದಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ.

ಆದರೆ ಮೇಲಿನ ಉದಾಹರಣೆಗೆ ಇದು ಉಪಯೋಗಕ್ಕೆ ಬರುವುದೇ ಇಲ್ಲ. ಜೂನ್‌ನ ಬಿಲ್ಲಿಗೆ ಸೆಪ್ಟೆಂಬರ್‌ನಲ್ಲಿ ಹಣ ಬಂದಿದೆ. ತಡವಾದರೂ ಅದೇ ಹಣಕಾಸು ವರ್ಷ. ಕಂಪನಿಗೆ ಒಂದು ರೂಪಾಯಿ ತೆರಿಗೆಯೂ ಹೆಚ್ಚಾಗುವುದಿಲ್ಲ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಬಿಲ್ಲುಗಳಿಗೆ ಮೂರು ತಿಂಗಳು ತೆಗೆದುಕೊಂಡು ಹಣ ಕೊಟ್ಟರೂ ಈ ನಿಯಮ ಮುಟ್ಟುವುದಿಲ್ಲ. ಮುಟ್ಟುವುದು ಮಾರ್ಚ್ 31ರಂದು ಗಡುವು ಮೀರಿ ಬಾಕಿ ಇರುವ ಬಿಲ್ಲುಗಳನ್ನು ಮಾತ್ರ. ಮಾರ್ಚ್ ಕೊನೆಯ ವಾರದಲ್ಲಿ ಇದ್ದಕ್ಕಿದ್ದಂತೆ ಹಳೆಯ ಬಾಕಿಯೆಲ್ಲ ಬಂದು ಬೀಳುವುದು, ಏಪ್ರಿಲ್‌ನಿಂದ ಮತ್ತೆ ಹಳೆಯ ಚಾಳಿಯೇ ಶುರುವಾಗುವುದು ಈ ಕಾರಣಕ್ಕೆ. ಹಾಗಾಗಿ ಬಾಕಿ ಕೇಳಿ ಪತ್ರ ಬರೆಯುವುದಿದ್ದರೆ ಫೆಬ್ರುವರಿಯಲ್ಲಿ ಬರೆಯಬೇಕು. ಬಿಲ್ಲು ಸಂಖ್ಯೆ, ಗೇಟು ಸೀಲಿನ ದಿನಾಂಕ, ಉದ್ಯಮ್ ಸಂಖ್ಯೆ ಮೂರನ್ನೂ ಪಟ್ಟಿ ಮಾಡಿ ಅಕೌಂಟ್ಸ್ ಮುಖ್ಯಸ್ಥರಿಗೆ ಕಳಿಸಿದರೆ ಅದು ಬೇಡಿಕೆಯಂತೆ ಕಾಣುವುದಿಲ್ಲ, ಅವರ ಲೆಕ್ಕ ತಪಾಸಣೆಗೆ ಬೇಕಾದ ಮಾಹಿತಿಯಂತೆಯೇ ಕಾಣುತ್ತದೆ. ಸಂಬಂಧಕ್ಕೆ ಧಕ್ಕೆಯಿಲ್ಲ.

ಉಳಿದ ತಿಂಗಳುಗಳಿಗೆ ಏನು? ಅದೇ 82 ದಿನಗಳಿಗೆ ಮರಳಿ ನೋಡಿದರೆ ಉತ್ತರ ಅಲ್ಲೇ ಇದೆ. ಕಳಿಸುವ ಮುನ್ನ ನಾವೇ ಅಳತೆಯ ವರದಿ ಜೊತೆಗಿಟ್ಟರೆ ಕ್ವಾಲಿಟಿಯವರ ಪರೀಕ್ಷೆ ಬೇಗ ಮುಗಿಯುತ್ತದೆ. ಸರಕು ಕೊಟ್ಟ ಮೂರನೇ ದಿನ ಜಿಆರ್‌ಎನ್ ಸಂಖ್ಯೆ ಕೇಳಿದರೆ ಅದು ಆಗಿಲ್ಲವೆಂಬುದು ಆಗಲೇ ತಿಳಿಯುತ್ತದೆ, ಅರವತ್ತನೇ ದಿನ ಅಲ್ಲ. ತಿರಸ್ಕಾರವಾದ ತುಂಡುಗಳಿಗೆ ಅದೇ ದಿನ ಕ್ರೆಡಿಟ್ ನೋಟ್ ಕೊಡುವುದು ಲಾಭ, ಆರು ತುಂಡಿನ ಸರಿತಪ್ಪು ಆಮೇಲೆ ಚರ್ಚಿಸಬಹುದು. ಪಾವತಿಯ ದಿನ 10 ಎಂದಿದ್ದರೆ ಬೇಸ್‌ಲೈನ್‌ನಿಂದ ಹಿಂದಕ್ಕೆ ಎಣಿಸಿ, ಸರಕನ್ನು ಎರಡು ದಿನ ಮುಂಚೆ ಕಳಿಸಿದರೆ ಹದಿನೈದು ದಿನ ಉಳಿಯುವ ಸಂದರ್ಭವೂ ಇರುತ್ತದೆ. ತಿಂಗಳ ಕೊನೆಯ ದಿನ ಸ್ಟಾಕ್ ಎಣಿಕೆಗೆಂದು ಸ್ಟೋರ್ಸ್ ಮುಚ್ಚುವ ಕಂಪನಿಗಳಿಗೆ ಅಂದು ಟೆಂಪೊ ಕಳಿಸಬಾರದು.

ಇನ್ನೊಂದು ದಾರಿ ಟ್ರೆಡ್ಸ್. ರಿಸರ್ವ್ ಬ್ಯಾಂಕ್ ಅನುಮತಿ ಪಡೆದ ಈ ವೇದಿಕೆಗಳಲ್ಲಿ ಕಂಪನಿ ನಮ್ಮ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕುಗಳು ಅದನ್ನು ಕೊಳ್ಳಲು ದರ ಕೂಗುತ್ತವೆ. ಒಪ್ಪಿದ ದರದಲ್ಲಿ ಬಡ್ಡಿ ಕಳೆದು ಹಣ ಒಂದೆರಡು ದಿನದಲ್ಲಿ ಖಾತೆಗೆ ಬರುತ್ತದೆ. ಗಡುವಿನ ದಿನ ಬ್ಯಾಂಕಿಗೆ ಹಣ ಕಟ್ಟುವುದು ಕಂಪನಿಯ ಹೊಣೆ, ಅದು ಕಟ್ಟದಿದ್ದರೆ ಬ್ಯಾಂಕು ನಮ್ಮ ಬಳಿ ಬರುವಂತಿಲ್ಲ. ಬಡ್ಡಿದರವೂ ಕಂಪನಿಯ ಸಾಲಯೋಗ್ಯತೆಯ ಮೇಲೆ ನಿಲ್ಲುವುದರಿಂದ ಸಾಮಾನ್ಯವಾಗಿ ನಮ್ಮ ಕ್ಯಾಶ್ ಕ್ರೆಡಿಟ್‌ಗಿಂತ ಕಡಿಮೆ. ವಹಿವಾಟು 250 ಕೋಟಿ ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಕೇಂದ್ರ 2024ರ ನವೆಂಬರ್‌ನಲ್ಲಿ ಆದೇಶಿಸಿತು. ಅದಕ್ಕೂ ಮೊದಲು ಆ ಮಿತಿ 500 ಕೋಟಿ ಇತ್ತು.

ಆದರೆ ನೋಂದಾಯಿಸಿಕೊಳ್ಳುವುದು ಬೇರೆ, ಬಿಲ್ಲನ್ನು ಅಲ್ಲಿ ಒಪ್ಪುವುದು ಬೇರೆ. ಒಪ್ಪಿದ ಕ್ಷಣದಿಂದ ಗಡುವಿನ ದಿನ ಬ್ಯಾಂಕಿಗೆ ಹಣ ಕೊಡಲೇಬೇಕು, ‘ಮುಂದಿನ ಪಾವತಿಯ ದಿನ ನೋಡೋಣ’ ಎಂಬ ಮಾತಿಗೆ ಎಡೆಯಿಲ್ಲ. ಕೆಲವು ಕಂಪನಿಗಳು ಒಪ್ಪಲು ಹಿಂಜರಿಯುವುದು ಅದಕ್ಕೇ ಇರಬೇಕು. ಜೊತೆಗೆ ಜಿಆರ್‌ಎನ್ ಆಗದ, ತಾಳೆ ಬೀಳದ ಬಿಲ್ಲನ್ನು ಯಾವ ಕಂಪನಿಯೂ ಅಲ್ಲಿ ಒಪ್ಪುವುದಿಲ್ಲ. ನಮ್ಮ ಉದಾಹರಣೆಯ ಬಿಲ್ಲು ಟ್ರೆಡ್ಸ್‌ಗೆ ಹೋಗಬಹುದಾಗಿದ್ದದ್ದು ಜುಲೈ 4ಕ್ಕೆ. ಅದಕ್ಕೂ ಹಿಂದಿನ 14 ದಿನಗಳನ್ನು ಅಲ್ಲಿಯ ಬ್ಯಾಂಕೂ ಕಡಿಮೆ ಮಾಡಲಾರದು. ಹೊಸ ಕಂಪನಿಯೊಂದರಲ್ಲಿ ವೆಂಡರ್ ಫಾರಂ ತುಂಬುತ್ತಿರುವವರು, ದರದ ಮಾತು ಮುಗಿಯುವ ಮುನ್ನವೇ, ‘ನೀವು ಯಾವ ಟ್ರೆಡ್ಸ್ ವೇದಿಕೆಯಲ್ಲಿದ್ದೀರಿ, ನಮ್ಮಂಥವರ ಬಿಲ್ಲನ್ನು ಅಲ್ಲಿ ಒಪ್ಪುತ್ತೀರಾ, ಪಾವತಿಯ ಎಣಿಕೆ ಯಾವ ದಿನದಿಂದ?’ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ‘ಎಣಿಕೆ ಬಿಲ್ಲು ಏರಿದ ದಿನದಿಂದ, ಟ್ರೆಡ್ಸ್ ಇಲ್ಲ’ ಎಂದು ಬಂದರೆ ಹೆಬ್ಬಾಳದ ಆ ಬುಷ್‌ಗೆ 400 ಅಲ್ಲ, ಬಡ್ಡಿಯ ಆ ಹತ್ತು ಸಾವಿರವನ್ನೂ ಸೇರಿಸಿ 410 ಎಂದು ದರ ಬರೆಯಬೇಕು.